ಎರಡು ದೀರ್ಘ ವಿಡಿಯೋಗಳ ನಡುವಿನ ಐದು ವಾರಗಳು

ಯಂತ್ರೋಪಕರಣ ತಯಾರಿಸುವ ಸಣ್ಣ ಉದ್ದಿಮೆದಾರರು ತಮ್ಮ ಉತ್ಪನ್ನದ ಪ್ರಾತ್ಯಕ್ಷಿಕೆಯನ್ನು ಯೂಟ್ಯೂಬ್ ಮೂಲಕ ಗ್ರಾಹಕರಿಗೆ ತಲುಪಿಸುವುದು ಈಗ ಹೊಸ ಸಂಗತಿಯಾಗಿ ಉಳಿದಿಲ್ಲ. ಆದರೆ ಹದಿನಾಲ್ಕು ಹದಿನೈದು ನಿಮಿಷಗಳ ಒಂದು ವಿಡಿಯೋ ಸಿದ್ಧವಾಗಬೇಕಾದರೆ ಯಂತ್ರವನ್ನು ರೈತರ ಅಂಗಳಕ್ಕೆ ಸಾಗಿಸಬೇಕು, ಅದನ್ನು ನಡೆಸಿ ತೋರಿಸಬೇಕು, ಚಿತ್ರೀಕರಿಸಬೇಕು, ಅನಂತರ ಕತ್ತರಿಸಿ ಜೋಡಿಸಿ ಧ್ವನಿ ನೀಡಬೇಕು. ಕಾರ್ಯಾಗಾರದ ನಿತ್ಯದ ಕೆಲಸದ ನಡುವೆ ತಿಂಗಳಿಗೆ ಒಂದಕ್ಕಿಂತ ಹೆಚ್ಚು ಇಂತಹ ವಿಡಿಯೋ ತಯಾರಿಸುವುದು ಬಹುತೇಕ ಘಟಕಗಳಿಗೆ ಸಾಧ್ಯವಾಗುವುದಿಲ್ಲ. ಹೀಗಾಗಿ ಒಂದು ವಿಡಿಯೋದಿಂದ ಮತ್ತೊಂದಕ್ಕೆ ನಾಲ್ಕೈದು ವಾರಗಳ ಅಂತರ ಬೀಳುತ್ತದೆ. ಈ ಅಂತರವನ್ನು ಕಿರು ತುಣುಕು, ಪೋಸ್ಟ್ ಹಾಗೂ ಅಭಿಪ್ರಾಯ ಸಂಗ್ರಹದ ಪೋಲ್‌ಗಳಿಂದ ತುಂಬುವ ಬಗೆ ಯಾವುದು, ಅದರಿಂದ ದೊರೆಯುವ ಮಾಹಿತಿಯನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಆರಂಭದಲ್ಲಿಯೇ ಒಂದು ತಪ್ಪು ಕಲ್ಪನೆಯನ್ನು ದೂರಮಾಡುವುದು ಅಗತ್ಯ. ಕೆಲವು ವಾರ ವಿಡಿಯೋ ಹಾಕದಿದ್ದರೆ ಯೂಟ್ಯೂಬ್ ಆ ಚಾನೆಲ್‌ಗೆ ಶಿಕ್ಷೆ ವಿಧಿಸುತ್ತದೆ ಎಂಬ ಮಾತು ವ್ಯಾಪಾರಿ ವಲಯದಲ್ಲಿ ಪ್ರಚಲಿತವಾಗಿದೆ. ಅಂತಹ ನಿಯಮವೇನೂ ಇಲ್ಲ. ಯಾವ ವಿಡಿಯೋವನ್ನು ಯಾರಿಗೆ ತೋರಿಸಬೇಕೆಂಬ ನಿರ್ಧಾರವು ನೋಡುಗರು ಆ ವಿಡಿಯೋವನ್ನು ಆಯ್ದು ನೋಡುತ್ತಾರೆಯೇ, ನೋಡಿದ ಮೇಲೆ ತೃಪ್ತರಾಗುತ್ತಾರೆಯೇ ಎಂಬುದನ್ನು ಅವಲಂಬಿಸಿದೆ. ಅಂತರದಿಂದ ಆಗುವ ನಷ್ಟ ಬೇರೆಯದು. ಯಂತ್ರವನ್ನು ಕೊಳ್ಳುವ ಯೋಚನೆಯಲ್ಲಿರುವ ಗ್ರಾಹಕನು ಒಂದು ವಿಡಿಯೋ ನೋಡಿ ಅಂದೇ ಹಣ ಕಳುಹಿಸುವುದಿಲ್ಲ. ಆತ ಮನೆಯವರೊಡನೆ ಚರ್ಚಿಸುತ್ತಾನೆ, ನೆರೆಯವರನ್ನು ಕೇಳುತ್ತಾನೆ, ಬೇರೆ ತಯಾರಕರ ವಿಡಿಯೋಗಳನ್ನು ನೋಡುತ್ತಾನೆ. ಆ ವಾರಗಳಲ್ಲಿ ಮೊದಲು ನೋಡಿದ ತಯಾರಕನು ಕಣ್ಣಿಗೆ ಬೀಳದಿದ್ದರೆ ವಿಚಾರಣೆಯ ಕರೆ ಬೇರೆಯವರಿಗೆ ಹೋಗುತ್ತದೆ.

ಇನ್ನೊಂದು ನಿಯಮ ಮಾತ್ರ ವಾಸ್ತವವಾಗಿ ಇದೆ. ಜಾಹೀರಾತು ವರಮಾನದ ಪಾಲುದಾರಿಕೆ ಪಡೆದ ಚಾನೆಲ್ ಆರು ತಿಂಗಳು ಅಥವಾ ಅದಕ್ಕೂ ಹೆಚ್ಚು ಕಾಲ ವಿಡಿಯೋವನ್ನಾಗಲಿ ಪೋಸ್ಟನ್ನಾಗಲಿ ಹಾಕದೆ ಇದ್ದರೆ ಆ ಸೌಲಭ್ಯವನ್ನು ನಿಲ್ಲಿಸುವ ಹಕ್ಕನ್ನು ಯೂಟ್ಯೂಬ್ ತನ್ನಲ್ಲಿ ಇಟ್ಟುಕೊಂಡಿದೆ. ಹಂಗಾಮಿನಲ್ಲಷ್ಟೇ ವ್ಯಾಪಾರ ನಡೆಸಿ ಉಳಿದ ಕಾಲ ಚಾನೆಲ್ ಮರೆತುಬಿಡುವ ಘಟಕಗಳು ಇದನ್ನು ಗಮನಿಸಬೇಕು.

ಒಂದು ಉದಾಹರಣೆ

ವಿಷಯ ಸ್ಪಷ್ಟವಾಗಲು ಶಿವಮೊಗ್ಗ ಜಿಲ್ಲೆಯಲ್ಲಿ ಹಸಿ ಅಡಿಕೆ ಸುಲಿಯುವ ಯಂತ್ರ ತಯಾರಿಸುವ ಒಂದು ಸಣ್ಣ ಘಟಕವನ್ನು ಕಲ್ಪಿಸಿಕೊಳ್ಳಬಹುದು. ಮುಂದೆ ಬರುವ ಅಂಕಿಗಳು ಲೆಕ್ಕದ ವಿಧಾನವನ್ನು ತೋರಿಸಲು ಮಾತ್ರ ಬಳಸಿದವುಗಳಾಗಿವೆ. ಘಟಕದ ಚಾನೆಲ್‌ಗೆ ಆರು ಸಾವಿರ ಚಂದಾದಾರರಿದ್ದಾರೆ. ಸೆಪ್ಟೆಂಬರ್ ಮೊದಲ ವಾರದಲ್ಲಿ ಯಂತ್ರದ ಜೋಡಣೆ, ಬ್ಲೇಡಿನ ಅಂತರ ಹೊಂದಿಸುವ ರೀತಿ ಮತ್ತು ಸುಲಿತದ ಪ್ರಾತ್ಯಕ್ಷಿಕೆ ಇರುವ 14 ನಿಮಿಷಗಳ ವಿಡಿಯೋ ಹಾಕಲಾಗಿದೆ. ಮುಂದಿನ ವಿಡಿಯೋ ಸಿದ್ಧವಾಗುವುದು ಅಕ್ಟೋಬರ್ ಎರಡನೆಯ ವಾರಕ್ಕೆ. ಕೊಯ್ಲು ಹತ್ತಿರವಾಗುವ, ಬೆಳೆಗಾರರು ಯಂತ್ರದ ಬಗ್ಗೆ ನಿರ್ಧಾರ ತೆಗೆದುಕೊಳ್ಳುವ ಅವಧಿಯೂ ಇದೇ ಐದು ವಾರಗಳು.

ಈ ಕೆಲಸಕ್ಕೆ ಇಳಿಯುವ ಮೊದಲು ಚಾನೆಲ್‌ನ ಎರಡು ವ್ಯವಸ್ಥೆಗಳನ್ನು ಪರಿಶೀಲಿಸಿಕೊಳ್ಳಬೇಕು. ಪೋಸ್ಟ್ ಹಾಕುವ ಅನುಕೂಲವು ಚಾನೆಲ್‌ನ ಉನ್ನತ ಸೌಲಭ್ಯಗಳ ಗುಂಪಿಗೆ ಸೇರಿದೆ. ಇದಕ್ಕೆ ದೂರವಾಣಿ ಸಂಖ್ಯೆಯ ದೃಢೀಕರಣದ ಜೊತೆಗೆ ಗುರುತಿನ ಚೀಟಿ ಅಥವಾ ಮುಖದ ಕಿರು ವಿಡಿಯೋ ನೀಡಬೇಕು. ಇಲ್ಲವಾದರೆ ಚಾನೆಲ್‌ನ ನಡವಳಿಕೆಯ ದಾಖಲೆ ಬೆಳೆಯುವವರೆಗೆ ಕಾಯಬೇಕು. ಹಂಗಾಮು ಆರಂಭವಾದ ಮೇಲೆ ಇದಕ್ಕೆ ಕೈಹಾಕಿದರೆ ಸಮಯ ಮೀರಿರುತ್ತದೆ. ಎರಡನೆಯದು, ಚಾನೆಲ್ ಮಕ್ಕಳಿಗಾಗಿ ತಯಾರಿಸಿದ್ದೇ ಎಂಬ ಪ್ರಶ್ನೆ. ನಮ್ಮ ವಿಡಿಯೋದಲ್ಲಿ ಮಕ್ಕಳು ನೋಡಬಾರದ್ದೇನೂ ಇಲ್ಲವಲ್ಲ ಎಂದುಕೊಂಡು ಕೆಲವರು ಹೌದು ಎಂದು ಗುರುತು ಹಾಕುತ್ತಾರೆ. ಹಾಗೆ ಮಾಡಿದ ಚಾನೆಲ್‌ನಲ್ಲಿ ಪ್ರತಿಕ್ರಿಯೆಗಳು ಮುಚ್ಚಿಹೋಗುತ್ತವೆ, ಪೋಸ್ಟ್ ಹಾಕಲೂ ಆಗುವುದಿಲ್ಲ. ಪ್ರಶ್ನೆಯ ಅರ್ಥ ಮಕ್ಕಳನ್ನೇ ಉದ್ದೇಶಿಸಿ ಮಾಡಿದ್ದೇ ಎಂಬುದಾಗಿದೆ. ಯಂತ್ರ ತಯಾರಕರ ಉತ್ತರ ಇಲ್ಲ ಎಂದೇ ಇರಬೇಕು.

ಮೊದಲ ವಾರ: ಪ್ರಶ್ನೆಗಳ ಪಟ್ಟಿ

ದೀರ್ಘ ವಿಡಿಯೋ ಹಾಕಿದ ಮೊದಲ ವಾರ ಹೊಸದೇನನ್ನೂ ಹಾಕುವ ಅವಸರ ಬೇಡ. ಈ ವಾರ ಕೇಳಿಸಿಕೊಳ್ಳುವ ವಾರ. ಪ್ರತಿಕ್ರಿಯೆಗಳಲ್ಲಿ ಬರುವ ಪ್ರಶ್ನೆಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡು, ಒಂದೇ ಪ್ರಶ್ನೆ ಎಷ್ಟು ಬಾರಿ ಬಂದಿದೆ ಎಂದು ಗುರುತು ಹಾಕಬೇಕು. ಮೆಚ್ಚುಗೆಯ ಮಾತುಗಳನ್ನು ಲೆಕ್ಕಕ್ಕೆ ಹಿಡಿಯಬೇಕಾಗಿಲ್ಲ. ಅಡಿಕೆಗೆ ಗಾಯವಾಗುತ್ತದೆಯೇ, ಸಣ್ಣ ಗಾತ್ರದ ಅಡಿಕೆ ಸುಲಿಯದೆ ಹಾಗೆಯೇ ಹೊರಬೀಳುತ್ತದೆಯೇ, ಮನೆಯ ವಿದ್ಯುತ್ ಸಂಪರ್ಕದಲ್ಲಿ ನಡೆಯುತ್ತದೆಯೇ ಎಂಬ ಮೂರು ಪ್ರಶ್ನೆಗಳೇ ಮತ್ತೆ ಮತ್ತೆ ಬಂದಿವೆ ಎಂದಾದರೆ ಐದು ವಾರಗಳ ಕಾರ್ಯಕ್ರಮ ಅಲ್ಲಿಯೇ ಸಿದ್ಧವಾದಂತೆ.

ಇದರ ಜೊತೆಗೆ ಯೂಟ್ಯೂಬ್ ಸ್ಟುಡಿಯೋದಲ್ಲಿ ದೊರೆಯುವ ಒಂದು ರೇಖಾಚಿತ್ರವನ್ನು ನೋಡಬೇಕು. ವಿಡಿಯೋದ ಯಾವ ಕ್ಷಣದಲ್ಲಿ ಎಷ್ಟು ಮಂದಿ ಉಳಿದಿದ್ದರು ಎಂಬುದನ್ನು ಅದು ತೋರಿಸುತ್ತದೆ. ರೇಖೆ ಸಾಮಾನ್ಯವಾಗಿ ಇಳಿಯುತ್ತಲೇ ಸಾಗುತ್ತದೆ. ಆದರೆ ಎಲ್ಲಾದರೂ ಒಂದೆಡೆ ಸಣ್ಣ ದಿಬ್ಬದಂತೆ ಮೇಲೆದ್ದಿದ್ದರೆ ಜನರು ಆ ಭಾಗವನ್ನು ಹಿಂದಕ್ಕೆ ಸರಿಸಿ ಮತ್ತೊಮ್ಮೆ ನೋಡಿದ್ದಾರೆ, ಅಥವಾ ಬೇರೆ ಭಾಗವನ್ನು ಬಿಟ್ಟು ನೇರವಾಗಿ ಅಲ್ಲಿಗೆ ಬಂದಿದ್ದಾರೆ ಎಂದು ತಿಳಿಯಬಹುದು. ಅಡಿಕೆ ಯಂತ್ರದ ವಿಡಿಯೋದಲ್ಲಿ ಆ ದಿಬ್ಬ ಒಂಬತ್ತನೆಯ ನಿಮಿಷದಲ್ಲಿ, ಬ್ಲೇಡಿನ ಅಂತರ ಹೊಂದಿಸುವ ಜಾಗದಲ್ಲಿದೆ ಎಂದು ಭಾವಿಸಬಹುದು. ಅಡಿಕೆಗೆ ಗಾಯವಾಗುವುದೂ ಸುಲಿಯದೆ ಉಳಿಯುವುದೂ ಆ ಅಂತರವನ್ನೇ ಅವಲಂಬಿಸಿರುವುದರಿಂದ ಬೆಳೆಗಾರರ ಕಣ್ಣು ಅಲ್ಲಿಗೆ ಹೋಗಿರುವುದು ಸಹಜ. ರೇಖಾಚಿತ್ರ ಮತ್ತು ಪ್ರಶ್ನೆಗಳ ಪಟ್ಟಿ ಎರಡೂ ಒಂದೇ ಜಾಗವನ್ನು ತೋರಿಸಿದರೆ ಮೊದಲ ತುಣುಕನ್ನು ಅಲ್ಲಿಂದಲೇ ತೆಗೆಯಬೇಕು.

ಎರಡನೆಯ ವಾರ: ದೀರ್ಘ ವಿಡಿಯೋದಿಂದ ತುಣುಕು

ಯೂಟ್ಯೂಬ್ ತನ್ನ ಶಾರ್ಟ್ಸ್ ವಿಭಾಗವನ್ನು ಮೊದಲು ಪ್ರಯೋಗಕ್ಕೆ ತಂದದ್ದು ಭಾರತದಲ್ಲಿಯೇ, 2020ರ ಸೆಪ್ಟೆಂಬರಿನಲ್ಲಿ. ಆಗ ಒಂದು ತುಣುಕಿನ ಮಿತಿ 60 ಸೆಕೆಂಡುಗಳಿಗಿಂತ ಹೆಚ್ಚಿರಲಿಲ್ಲ. 2024ರ ಅಕ್ಟೋಬರ್ 15ರ ನಂತರ ಮೂರು ನಿಮಿಷಗಳವರೆಗಿನ ನಿಲುವಾದ ಅಥವಾ ಚೌಕಾಕಾರದ ವಿಡಿಯೋಗಳೆಲ್ಲ ಶಾರ್ಟ್ಸ್ ಎಂದೇ ಪರಿಗಣಿತವಾಗುತ್ತವೆ. ಮೊಬೈಲನ್ನು ನಿಲುವಾಗಿ ಹಿಡಿದು ಎರಡೂವರೆ ನಿಮಿಷದ ಪ್ರಾತ್ಯಕ್ಷಿಕೆ ಚಿತ್ರೀಕರಿಸಿ ಸಾಮಾನ್ಯ ವಿಡಿಯೋ ಎಂದು ಹಾಕಿದವರು ಅದು ಶಾರ್ಟ್ಸ್ ಸಾಲಿಗೆ ಹೋದದ್ದನ್ನು ಕಂಡು ಗಲಿಬಿಲಿಗೊಳ್ಳುವುದು ಈ ಕಾರಣದಿಂದ. ಸಾಮಾನ್ಯ ವಿಡಿಯೋ ಆಗಬೇಕಾದದ್ದನ್ನು ಅಡ್ಡಲಾಗಿಯೇ ಚಿತ್ರೀಕರಿಸಬೇಕು.

ಮೂರು ನಿಮಿಷಗಳ ಅವಕಾಶವಿದೆ ಎಂದು ಅಷ್ಟನ್ನೂ ಬಳಸಬೇಕಾಗಿಲ್ಲ. ಉದಾಹರಣೆಯ ಘಟಕಕ್ಕೆ 40 ಸೆಕೆಂಡು ಸಾಕು. ಮೊದಲ ಕ್ಷಣದಲ್ಲಿಯೇ ಸ್ಪ್ಯಾನರ್ ಬೋಲ್ಟಿನ ಮೇಲೆ ಇರಬೇಕು. ಸಂಸ್ಥೆಯ ಲಾಂಛನ, ನಮಸ್ಕಾರ, ಪರಿಚಯ ಇವು ಯಾವುವೂ ಬೇಡ. ನೋಡುಗನ ಬೆರಳು ಪರದೆಯ ಮೇಲೆಯೇ ಇರುತ್ತದೆ, ಲಾಂಛನ ತಿರುಗುವಷ್ಟರಲ್ಲಿ ಆತ ಮುಂದಿನ ತುಣುಕಿಗೆ ಸರಿದಿರುತ್ತಾನೆ. ಅಂತರ ಸರಿಯಿಲ್ಲದಾಗ ಹೊರಬೀಳುವ ಗಾಯದ ಅಡಿಕೆ, ಬೋಲ್ಟ್ ತಿರುಗಿಸುವ ಕ್ರಮ, ಅನಂತರ ಹೊರಬೀಳುವ ಅಡಿಕೆ, ಈ ಮೂರು ದೃಶ್ಯಗಳಿಗೆ ಅಷ್ಟು ಕಾಲ ಸಾಕಾಗುತ್ತದೆ.

ತುಣುಕು ಮಾಡುವ ಸುಲಭ ದಾರಿ ಯೂಟ್ಯೂಬ್‌ನ ಮೊಬೈಲ್ ಆ್ಯಪ್‌ನಲ್ಲಿಯೇ ಇದೆ. ತನ್ನದೇ ದೀರ್ಘ ವಿಡಿಯೋವನ್ನು ತೆರೆದು “Edit into a Short” ಎಂಬುದನ್ನು ಆಯ್ದರೆ ಬೇಕಾದ ಭಾಗವನ್ನು ಕತ್ತರಿಸಿಕೊಳ್ಳಬಹುದು. ಹೀಗೆ ಮಾಡಿದ ತುಣುಕಿನಿಂದ ಮೂಲ ವಿಡಿಯೋಗೆ ಕೊಂಡಿ ತಾನಾಗಿಯೇ ಏರ್ಪಡುತ್ತದೆ. ಆದರೆ ಇಲ್ಲಿ ಒಂದು ತೊಡಕಿದೆ. ಅಡ್ಡಲಾಗಿ ತೆಗೆದ ಚಿತ್ರವನ್ನು ನಿಲುವಾದ ಚೌಕಟ್ಟು ತುಂಬುವಂತೆ ಹೊಂದಿಸಿದಾಗ ಅದರ ಅಗಲದಲ್ಲಿ ಸುಮಾರು ಮೂರನೆಯ ಒಂದು ಪಾಲು ಮಾತ್ರ ಉಳಿಯುತ್ತದೆ. ಎಡಗಡೆ ಅಡಿಕೆ ಸುರಿಯುವ ಬಾಯಿ, ಬಲಗಡೆ ಸುಲಿದ ಅಡಿಕೆ ಬೀಳುವ ತಟ್ಟೆ ಇದ್ದರೆ ಎರಡರಲ್ಲಿ ಒಂದು ಕಾಣೆಯಾಗುತ್ತದೆ. ಸುರಿದದ್ದು ಕಾಣದೆ ಬಿದ್ದದ್ದು ಮಾತ್ರ ಕಂಡರೆ ಬೆಳೆಗಾರನಿಗೆ ನಂಬಿಕೆ ಹುಟ್ಟುವುದಿಲ್ಲ. ಆದ್ದರಿಂದ ದೀರ್ಘ ವಿಡಿಯೋ ಚಿತ್ರೀಕರಣದ ದಿನವೇ ಮತ್ತೊಂದು ಮೊಬೈಲನ್ನು ಸ್ಟ್ಯಾಂಡಿಗೆ ನಿಲುವಾಗಿ ಕಟ್ಟಿ, ಬಾಯಿ ಮೇಲೂ ತಟ್ಟೆ ಕೆಳಗೂ ಕಾಣುವಂತೆ ಇರಿಸುವುದು ಉತ್ತಮ. ಇದಕ್ಕೆ ಹೆಚ್ಚುವರಿ ಖರ್ಚಿಲ್ಲ. ಮುಂದಿನ ಐದು ವಾರಗಳ ತುಣುಕುಗಳ ಸಾಮಗ್ರಿ ಒಂದೇ ದಿನದಲ್ಲಿ ದೊರೆಯುತ್ತದೆ.

ಹೀಗೆ ಪ್ರತ್ಯೇಕವಾಗಿ ತೆಗೆದ ತುಣುಕಿಗೆ ಕೊಂಡಿ ತಾನಾಗಿ ಬರುವುದಿಲ್ಲ. ತುಣುಕು ಹಾಕಿದ ಮೇಲೆ ಸ್ಟುಡಿಯೋದಲ್ಲಿ ಅದರ ವಿವರಗಳನ್ನು ತೆರೆದು “Related video” ಎಂಬಲ್ಲಿ ದೀರ್ಘ ವಿಡಿಯೋವನ್ನು ಆಯ್ಕೆ ಮಾಡಬೇಕು. ಅನೇಕರು ಇದನ್ನು ಮರೆತು ವಿವರಣೆಯಲ್ಲಿ ಜಾಲತಾಣದ ವಿಳಾಸವನ್ನೋ ವಾಟ್ಸ್ಆ್ಯಪ್ ಕೊಂಡಿಯನ್ನೋ ಬರೆಯುತ್ತಾರೆ. ಮೋಸದ ಕೊಂಡಿಗಳ ಹಾವಳಿ ತಡೆಯಲು 2023ರ ಆಗಸ್ಟ್ 31ರಿಂದ ಶಾರ್ಟ್ಸ್‌ನ ವಿವರಣೆ ಮತ್ತು ಪ್ರತಿಕ್ರಿಯೆಗಳಲ್ಲಿನ ಕೊಂಡಿಗಳು ಒತ್ತಿದರೆ ತೆರೆಯದಂತೆ ಯೂಟ್ಯೂಬ್ ಮಾಡಿದೆ. ತುಣುಕು ದೀರ್ಘ ವಿಡಿಯೋಗೆ ದಾರಿ ತೋರಬೇಕು. ಸಂಪರ್ಕದ ವಿವರಗಳು ದೀರ್ಘ ವಿಡಿಯೋದ ವಿವರಣೆಯಲ್ಲಿ ಇರಬೇಕು. ಇದೇ ಸರಿಯಾದ ಏರ್ಪಾಡು.

ಧ್ವನಿಯ ವಿಷಯದಲ್ಲಿಯೂ ಎಚ್ಚರ ಅಗತ್ಯ. ಚಿತ್ರಗೀತೆಯನ್ನು ಹಿನ್ನೆಲೆಗೆ ಹಾಕಿದ ತುಣುಕು ಒಂದು ನಿಮಿಷಕ್ಕಿಂತ ಉದ್ದವಿದ್ದು, ಅದರ ಮೇಲೆ ಹಕ್ಕುದಾರರ ಕೋರಿಕೆ ದಾಖಲಾದರೆ ಆ ತುಣುಕು ಎಲ್ಲೆಡೆಯೂ ತಡೆಹಿಡಿಯಲ್ಪಡುತ್ತದೆ. ಅಲ್ಲದೆ ಯಂತ್ರ ಕೊಳ್ಳುವವನಿಗೆ ಬೇಕಾದದ್ದು ಹಾಡಲ್ಲ, ಯಂತ್ರದ ಸದ್ದು. ಅದು ನಡುಗುತ್ತದೆಯೇ, ಭಾರ ಬಿದ್ದಾಗ ಮೋಟಾರು ನರಳುತ್ತದೆಯೇ ಎಂಬುದನ್ನು ಅನುಭವಿ ಬೆಳೆಗಾರ ಕಿವಿಯಿಂದಲೇ ಅಳೆಯುತ್ತಾನೆ.

ಮೂರನೆಯ ವಾರ: ಪೋಲ್ ಮತ್ತು ಅದರ ಲೆಕ್ಕ

ಐದು ವಾರಗಳಲ್ಲಿ ವ್ಯಾಪಾರದ ದೃಷ್ಟಿಯಿಂದ ಹೆಚ್ಚು ಬೆಲೆಯುಳ್ಳದ್ದೂ ಹೆಚ್ಚು ಅಪಾಯವುಳ್ಳದ್ದೂ ಈ ಪೋಲ್ ಆಗಿದೆ. ಮೊದಲು ಕಮ್ಯುನಿಟಿ ಎಂದು ಕರೆಯಲ್ಪಡುತ್ತಿದ್ದ ವಿಭಾಗದಲ್ಲಿ, ಈಗಿನ ಪೋಸ್ಟ್ಸ್ ವಿಭಾಗದಲ್ಲಿ, ಒಂದು ಪ್ರಶ್ನೆಗೆ ಐದರವರೆಗೆ ಉತ್ತರಗಳನ್ನು ನೀಡಿ ಮತ ಕೇಳಬಹುದು. ನೋಡುಗನಿಗೆ ಒಂದು ಬೆರಳಿನ ಕೆಲಸ. ಬರೆಯಲು ಹಿಂಜರಿಯುವವರೂ ಮತ ಹಾಕುತ್ತಾರೆ ಎಂಬುದೇ ಇದರ ಅನುಕೂಲ.

ಬಹಳಷ್ಟು ಘಟಕಗಳು ಈ ಅವಕಾಶವನ್ನು ನಮ್ಮ ಯಂತ್ರ ನಿಮಗೆ ಇಷ್ಟವಾಯಿತೇ ಎಂಬಂತಹ ಪ್ರಶ್ನೆಗೆ ವ್ಯರ್ಥಮಾಡುತ್ತವೆ. ಉತ್ತರ ಯಾವುದೇ ಬಂದರೂ ಕಾರ್ಯಾಗಾರದಲ್ಲಿ ಏನೂ ಬದಲಾಗುವುದಿಲ್ಲವಾದರೆ ಆ ಪ್ರಶ್ನೆಯನ್ನು ಕೇಳಬಾರದು. ಉದಾಹರಣೆಯ ಘಟಕಕ್ಕೆ ನಿಜವಾಗಿ ತಿಳಿಯಬೇಕಾದದ್ದು ಮೋಟಾರಿನ ವಿಷಯ. ಹಂಗಾಮಿಗೆ ಮುನ್ನ ಸಿಂಗಲ್ ಫೇಸ್ ಮೋಟಾರು ಎಷ್ಟು, ತ್ರೀ ಫೇಸ್ ಎಷ್ಟು ತರಿಸಬೇಕೆಂಬ ನಿರ್ಧಾರ ತಪ್ಪಿದರೆ ದುಡಿಯುವ ಬಂಡವಾಳ ಉಗ್ರಾಣದಲ್ಲಿ ಕುಳಿತುಬಿಡುತ್ತದೆ. ಆದ್ದರಿಂದ ಪ್ರಶ್ನೆ ಹೀಗಿರಬಹುದು: ನಿಮ್ಮ ಅಡಿಕೆ ಸುಲಿಯುವ ಜಾಗದಲ್ಲಿ ಯಂತ್ರ ನಡೆಸಲು ಏನಿದೆ? ಉತ್ತರಗಳು: ಸಿಂಗಲ್ ಫೇಸ್, ತ್ರೀ ಫೇಸ್, ಡೀಸೆಲ್ ಎಂಜಿನ್, ಜನರೇಟರ್, ನಾನು ಬೆಳೆಗಾರನಲ್ಲ, ನೋಡಲು ಬಂದವನು.

ಈ ಐದನೆಯ ಉತ್ತರ ತಮಾಷೆಗೆ ಹಾಕಿದ್ದಲ್ಲ. ಪೋಲ್‌ನಲ್ಲಿ ಯಾರು ಯಾವುದಕ್ಕೆ ಮತ ಹಾಕಿದರೆಂಬುದು ಚಾನೆಲ್‌ನ ಮಾಲೀಕನಿಗೂ ತಿಳಿಯುವುದಿಲ್ಲ. ಒಟ್ಟು ಮತಗಳು ಮತ್ತು ಶೇಕಡಾವಾರು ಹಂಚಿಕೆ ಮಾತ್ರ ಕಾಣುತ್ತವೆ. ವಿದ್ಯಾರ್ಥಿಗಳು, ಕುತೂಹಲಿಗರು, ಬೇರೆ ತಯಾರಕರು ಎಲ್ಲರೂ ಮತ ಹಾಕುತ್ತಾರೆ. ಅವರಿಗೆ ಪ್ರಾಮಾಣಿಕವಾಗಿ ಒತ್ತಲು ಒಂದು ಜಾಗ ಇಲ್ಲದಿದ್ದರೆ ತಮಗೆ ತೋಚಿದ್ದನ್ನು ಒತ್ತಿ ಲೆಕ್ಕ ಕೆಡಿಸುತ್ತಾರೆ.

ಒಟ್ಟು 400 ಮತಗಳು ಬಂದವು ಎಂದುಕೊಳ್ಳಬಹುದು. ನೋಡಲು ಬಂದವರು ಶೇ. 45, ಸಿಂಗಲ್ ಫೇಸ್ ಶೇ. 30, ತ್ರೀ ಫೇಸ್ ಶೇ. 15, ಡೀಸೆಲ್ ಎಂಜಿನ್ ಶೇ. 7, ಜನರೇಟರ್ ಶೇ. 3. ಅಂದರೆ ನೋಡಲು ಬಂದ 180 ಮಂದಿಯನ್ನು ಬಿಟ್ಟರೆ ಬೆಳೆಗಾರರ ಮತಗಳು 220. ಅವುಗಳಲ್ಲಿ ಸಿಂಗಲ್ ಫೇಸ್ 120. ಬೆಳೆಗಾರರಲ್ಲಿ ಅರ್ಧಕ್ಕಿಂತ ಹೆಚ್ಚು, ಸರಿಸುಮಾರು ಶೇ. 55 ಮಂದಿ ಸಿಂಗಲ್ ಫೇಸ್‌ನವರು ಎಂದಾಯಿತು. ಪರದೆಯ ಮೇಲೆ ಕಂಡ ಶೇ. 30ಕ್ಕೂ ಈ ಸಂಖ್ಯೆಗೂ ಎಷ್ಟು ವ್ಯತ್ಯಾಸವಿದೆ ಎಂಬುದನ್ನು ಗಮನಿಸಬೇಕು.

ಇಷ್ಟಕ್ಕೇ ಮೋಟಾರು ವ್ಯಾಪಾರಿಗೆ ಬೇಡಿಕೆ ಬರೆದುಕೊಡುವುದು ತಪ್ಪಾಗುತ್ತದೆ. ಕಳೆದ ಹಂಗಾಮಿನ ಮಾರಾಟದ ಪುಸ್ತಕವನ್ನು ಪಕ್ಕದಲ್ಲಿ ಇಟ್ಟು ನೋಡಬೇಕು. ಮಾರಾಟವಾದ 38 ಯಂತ್ರಗಳಲ್ಲಿ ಸಿಂಗಲ್ ಫೇಸ್ 14, ಅಂದರೆ ಶೇ. 37 ಮಾತ್ರ ಎಂದಿದ್ದರೆ ಎರಡು ಅಂಕಿಗಳ ನಡುವಿನ ಅಂತರಕ್ಕೆ ಕಾರಣ ಬೇಕು. ಮತ ಹಾಕಿದವರಲ್ಲಿ ಹಲವರು ಸಣ್ಣ ಬೆಳೆಗಾರರಾಗಿದ್ದು, ಸ್ವಂತ ಯಂತ್ರ ಕೊಳ್ಳದೆ ಬಾಡಿಗೆಗೆ ಸುಲಿಸುವವರಿರಬಹುದು. ಅಥವಾ ಸಿಂಗಲ್ ಫೇಸ್‌ನಲ್ಲಿ ಯಂತ್ರ ಸರಿಯಾಗಿ ನಡೆಯುವುದಿಲ್ಲವೆಂಬ ಅನುಮಾನದಿಂದ ಕೊಳ್ಳದೆ ಹಿಂದುಳಿದವರಿರಬಹುದು. ಮೊದಲನೆಯದು ನಿಜವಾದರೆ ಹೆಚ್ಚು ಮೋಟಾರು ತರಿಸುವುದು ನಷ್ಟ. ಎರಡನೆಯದು ನಿಜವಾದರೆ ತರಿಸದಿರುವುದು ನಷ್ಟ. ಯಾವುದು ನಿಜವೆಂದು ಪೋಲ್ ಹೇಳಲಾರದು.

ಅದನ್ನು ತಿಳಿಯುವ ಬಗೆ ಹಳೆಯದೇ. ವಿಚಾರಣೆಗೆ ಕರೆ ಮಾಡುವವರ ಹೆಸರು ಬರೆಯುವ ಪುಸ್ತಕದಲ್ಲಿ ಎರಡು ಕಾಲಂ ಸೇರಿಸಬೇಕು: ವಿದ್ಯುತ್ ಯಾವುದು, ಎಲ್ಲಿ ನೋಡಿ ಕರೆ ಮಾಡಿದಿರಿ. ಎರಡು ವಾರಗಳ ಕರೆಗಳಲ್ಲಿ ಸಿಂಗಲ್ ಫೇಸ್‌ನವರ ಪಾಲು ಪೋಲ್‌ನ ಕಡೆಗೆ ವಾಲುತ್ತದೆಯೋ ಹಳೆಯ ಮಾರಾಟದ ಕಡೆಗೆ ವಾಲುತ್ತದೆಯೋ ಎಂದು ನೋಡಿದ ನಂತರವೇ ಬೇಡಿಕೆಯನ್ನು ನಿರ್ಧರಿಸಬೇಕು. ಅಲ್ಲಿಯವರೆಗೆ ಎಂದಿನ ಪ್ರಮಾಣಕ್ಕಿಂತ ನಾಲ್ಕೈದು ಮೋಟಾರುಗಳನ್ನಷ್ಟೇ ಹೆಚ್ಚಿಗೆ ತರಿಸಿ, ಉಳಿದವನ್ನು ಕಾದಿರಿಸುವಂತೆ ವ್ಯಾಪಾರಿಯೊಡನೆ ಮಾತನಾಡಿಕೊಳ್ಳುವುದು ಸುರಕ್ಷಿತ.

ಪೋಲ್‌ನ ಕೆಳಗೆ ಜನರು ತಮ್ಮ ದೂರವಾಣಿ ಸಂಖ್ಯೆ ಬರೆದು, ಬೆಲೆ ತಿಳಿಸಿ ಎಂದು ಕೇಳುವುದು ಸಾಮಾನ್ಯ. ಈ ಸಂಖ್ಯೆಗಳನ್ನು ಯಾರು ಬೇಕಾದರೂ ಓದಬಹುದು. ಪ್ರತಿಸ್ಪರ್ಧಿಗಳು ಅವರಿಗೆ ಕರೆ ಮಾಡಬಹುದು. ಅದಕ್ಕಿಂತ ಕೆಟ್ಟದ್ದೆಂದರೆ ಚಾನೆಲ್‌ನ ಹೆಸರು ಮತ್ತು ಚಿತ್ರವನ್ನು ನಕಲು ಮಾಡಿದ ವಂಚಕರು ಮುಂಗಡ ಕೇಳಬಹುದು. ಅಂತಹ ಪ್ರತಿಕ್ರಿಯೆಗಳಲ್ಲಿನ ಸಂಖ್ಯೆಯನ್ನು ಬರೆದುಕೊಂಡು ಕೂಡಲೇ ಕರೆ ಮಾಡಿ, ಪ್ರತಿಕ್ರಿಯೆಯನ್ನು ತೆಗೆದುಹಾಕಬೇಕು. ಘಟಕದ ಸಂಖ್ಯೆ ಎಲ್ಲಿ ದೊರೆಯುತ್ತದೆ ಎಂಬುದನ್ನು ಪೋಸ್ಟಿನಲ್ಲಿಯೇ ತಿಳಿಸಿದ್ದರೆ ಈ ತೊಂದರೆ ಕಡಿಮೆಯಾಗುತ್ತದೆ.

ನಾಲ್ಕನೆಯ ಮತ್ತು ಐದನೆಯ ವಾರ

ನಾಲ್ಕನೆಯ ವಾರದ ತುಣುಕು ಪೋಲ್‌ಗೆ ಉತ್ತರವಾಗಿರಬೇಕು. ಸಿಂಗಲ್ ಫೇಸ್ ಮೋಟಾರಿನಲ್ಲಿ ಯಂತ್ರ ನಡೆಯುತ್ತಿರುವ 50 ಸೆಕೆಂಡುಗಳ ದೃಶ್ಯವನ್ನು ಎಲ್ಲಿಯೂ ಕತ್ತರಿಸದೆ ತೋರಿಸುವುದು ಒಳ್ಳೆಯದು. ಒಂದು ಬುಟ್ಟಿ ಅಡಿಕೆ ಸುರಿದು, ಹೊರಬಿದ್ದ ರಾಶಿಯಿಂದ ಗಾಯವಾದ ಅಡಿಕೆಗಳನ್ನು ಆರಿಸಿ ಎಣಿಸಿ ತೋರಿಸಬೇಕು. ಎಣಿಕೆಯಲ್ಲಿ ಕೆಲವು ಸಿಕ್ಕರೆ ಮುಚ್ಚಿಡುವುದು ಬೇಡ. ಒಂದೂ ಗಾಯವಿಲ್ಲ ಎಂಬ ಮಾತನ್ನು ಬೆಳೆಗಾರ ನಂಬುವುದಿಲ್ಲ. ನೂರಕ್ಕೆ ಇಷ್ಟು ಎಂದು ಕಣ್ಣೆದುರು ಎಣಿಸಿದ್ದನ್ನು ನಂಬುತ್ತಾನೆ. ಸಿಂಗಲ್ ಫೇಸ್‌ನಲ್ಲಿ ಯಂತ್ರದ ಸಾಮರ್ಥ್ಯ ಕಡಿಮೆಯಾಗುವುದಾದರೆ ಅದನ್ನೂ ಪರದೆಯ ಮೇಲೆ ಬರೆಯಬೇಕು. ಆ ಬರಹ ಪರದೆಯ ಕೆಳಭಾಗದಲ್ಲಾಗಲಿ ಬಲ ಅಂಚಿನಲ್ಲಾಗಲಿ ಇರಬಾರದು, ಏಕೆಂದರೆ ಅಲ್ಲಿ ಯೂಟ್ಯೂಬ್‌ನ ಗುಂಡಿಗಳೂ ಶೀರ್ಷಿಕೆಯೂ ಕುಳಿತು ಅಕ್ಷರಗಳನ್ನು ಮರೆಮಾಡುತ್ತವೆ.

ಐದನೆಯ ವಾರ ಒಂದು ಚಿತ್ರಸಹಿತ ಪೋಸ್ಟ್ ಸಾಕು. ಮುಂದಿನ ದೀರ್ಘ ವಿಡಿಯೋ ಚಿತ್ರೀಕರಣವಾಗುತ್ತಿರುವ ಅಂಗಳದ ಒಂದು ಚಿತ್ರ, ವಿಷಯ ಏನೆಂಬ ಎರಡು ವಾಕ್ಯ, ಇದರಲ್ಲಿ ಉತ್ತರ ದೊರೆಯಬೇಕಾದ ಪ್ರಶ್ನೆ ಯಾವುದೆಂದು ಕೇಳುವ ಒಂದು ವಾಕ್ಯ. ಬಂದ ಪ್ರಶ್ನೆಗಳಲ್ಲಿ ಎರಡನ್ನಾದರೂ ಹೊಸ ವಿಡಿಯೋದಲ್ಲಿ ಊರಿನ ಹೆಸರಿನೊಡನೆ ಓದಿ ಉತ್ತರಿಸಿದರೆ ಕೇಳಿದವರು ಮತ್ತೆ ಬರುತ್ತಾರೆ. ಪೋಸ್ಟ್ ಮತ್ತು ತುಣುಕುಗಳನ್ನು ಮೊದಲೇ ಸಿದ್ಧಪಡಿಸಿ ದಿನ, ಗಂಟೆ ನಿಗದಿಮಾಡಿ ಇಡುವ ಅನುಕೂಲ ಸ್ಟುಡಿಯೋದಲ್ಲಿ ಇರುವುದರಿಂದ ಪ್ರತಿವಾರ ಇದಕ್ಕಾಗಿ ಕೆಲಸ ನಿಲ್ಲಿಸಬೇಕಾಗಿಲ್ಲ. ಪ್ರತಿಕ್ರಿಯೆಗಳಿಗೆ ಉತ್ತರಿಸುವುದು ಮಾತ್ರ ಆಯಾ ದಿನವೇ ಆಗಬೇಕಾದ ಕೆಲಸ.

ಇದರ ನಡುವೆ ಹಬ್ಬದ ಶುಭಾಶಯ, ಸುಭಾಷಿತ, ಸಭೆ ಸಮಾರಂಭಗಳ ಚಿತ್ರ ಇವುಗಳಿಂದ ಪೋಸ್ಟ್ ವಿಭಾಗವನ್ನು ತುಂಬುವ ಅಭ್ಯಾಸ ಬಿಡುವುದು ಒಳಿತು. ಅವಕ್ಕೆ ಮೆಚ್ಚುಗೆಯ ಗುರುತುಗಳು ಧಾರಾಳವಾಗಿ ಬರುತ್ತವೆ. ಆದರೆ ಯಂತ್ರದ ವಿಷಯಕ್ಕೆಂದು ಚಂದಾದಾರನಾದವನು ನಾಲ್ಕು ಬಾರಿ ಶುಭಾಶಯವನ್ನೇ ಕಂಡರೆ ಐದನೆಯ ಬಾರಿ ಬಂದ ಪೋಲ್ ಅನ್ನು ಓದದೆಯೇ ಸರಿಸುತ್ತಾನೆ.

ಫಲಿತಾಂಶ ಅಳೆಯುವ ಬಗೆ

ತುಣುಕಿನ ವೀಕ್ಷಣೆಯ ಸಂಖ್ಯೆ ಅತ್ಯಂತ ಬೇಗ ಹಿಗ್ಗಿಸುವ, ಅತ್ಯಂತ ಕಡಿಮೆ ತಿಳಿಸುವ ಅಂಕಿ. 2025ರ ಮಾರ್ಚ್ 31ರಿಂದ ಶಾರ್ಟ್ಸ್ ತುಣುಕು ಪರದೆಯ ಮೇಲೆ ಆರಂಭವಾದರೆ ಅಥವಾ ಮತ್ತೆ ಸುತ್ತಿದರೆ ಅದೂ ಒಂದು ವೀಕ್ಷಣೆ ಎಂದೇ ಎಣಿಕೆಯಾಗುತ್ತದೆ. ಇಷ್ಟು ಕಾಲ ನೋಡಿರಬೇಕೆಂಬ ಕನಿಷ್ಠ ಮಿತಿ ಇಲ್ಲ. ಹಿಂದಿನ ರೀತಿಯ ಎಣಿಕೆ ಸ್ಟುಡಿಯೋದಲ್ಲಿ “Engaged views” ಎಂಬ ಹೆಸರಿನಲ್ಲಿ ಈಗಲೂ ದೊರೆಯುತ್ತದೆ, ಅದನ್ನೇ ನೋಡಬೇಕು. ಅಲ್ಲದೆ ಶಾರ್ಟ್ಸ್ ಸಾಲಿನಲ್ಲಿ ನೋಡಿದ ಕಾಲವು ಜಾಹೀರಾತು ಪಾಲುದಾರಿಕೆಗೆ ಬೇಕಾದ 4,000 ಗಂಟೆಗಳ ಲೆಕ್ಕಕ್ಕೆ ಸೇರುವುದಿಲ್ಲ. ತುಣುಕುಗಳಿಂದಲೇ ಆ ಗುರಿ ಮುಟ್ಟಲು ಹೊರಟವರು ನಿರಾಶರಾಗುತ್ತಾರೆ.

ಯಂತ್ರ ತಯಾರಕರಿಗೆ ಮೂರು ಅಳತೆಗಳು ಸಾಕು. ಒಂದು, ತುಣುಕು ಹಾಕುವ ಹಿಂದಿನ ವಾರಕ್ಕೂ ನಂತರದ ವಾರಕ್ಕೂ ದೀರ್ಘ ವಿಡಿಯೋದ ದಿನದ ವೀಕ್ಷಣೆಯಲ್ಲಿ ಏರಿಕೆ ಕಂಡಿತೇ ಎಂಬುದು. ಎರಡು, ಮುಂದಿನ ದೀರ್ಘ ವಿಡಿಯೋ ಬಂದಾಗ ಹಿಂದೆ ನೋಡಿದವರೇ ಮತ್ತೆ ಎಷ್ಟು ಮಂದಿ ಬಂದರು ಎಂಬುದು. ಸ್ಟುಡಿಯೋ ಹೊಸ ನೋಡುಗರನ್ನೂ ಮರಳಿ ಬಂದವರನ್ನೂ ಬೇರೆ ಬೇರೆಯಾಗಿ ತೋರಿಸುತ್ತದೆ. ಮೂರು, ವಿಚಾರಣೆ ಪುಸ್ತಕದಲ್ಲಿ ಸೇರಿಸಿದ ಎಲ್ಲಿ ನೋಡಿದಿರಿ ಎಂಬ ಕಾಲಂ.

ದಾರಿ ತಪ್ಪುತ್ತಿರುವ ಲಕ್ಷಣಗಳೂ ಈ ಅಳತೆಗಳಲ್ಲಿಯೇ ಕಾಣಸಿಗುತ್ತವೆ. ತುಣುಕನ್ನು ಸಾವಿರಾರು ಮಂದಿ ನೋಡಿ ಚಂದಾದಾರರು ಏರಿದರೂ ದೀರ್ಘ ವಿಡಿಯೋದ ರೇಖೆ ಅಲುಗಾಡದಿದ್ದರೆ ಬಂದವರು ಯಂತ್ರದ ಗ್ರಾಹಕರಲ್ಲ, ಸದ್ದು ಮತ್ತು ವೇಗವನ್ನು ನೋಡಿ ಸಂತೋಷಪಟ್ಟವರು. ಅಂತಹ ಸಂದರ್ಭದಲ್ಲಿ ತುಣುಕುಗಳ ಸಂಖ್ಯೆ ಹೆಚ್ಚಿಸುವುದರಿಂದ ಪ್ರಯೋಜನವಿಲ್ಲ. ಬೆಳೆಗಾರನಿಗಷ್ಟೇ ಅರ್ಥವಾಗುವ ಪ್ರಶ್ನೆಯನ್ನು ಮೊದಲ ಸೆಕೆಂಡಿನಲ್ಲಿ ಇಡುವುದರಿಂದ ಇತರರು ಸರಿದುಹೋಗಿ ಬೇಕಾದವರು ನಿಲ್ಲುತ್ತಾರೆ. ವೀಕ್ಷಣೆ ಕಡಿಮೆಯಾದರೂ ಕರೆ ಹೆಚ್ಚಿದರೆ ಅದು ಲಾಭವೇ ಆಗಿದೆ.

ದೀರ್ಘ ವಿಡಿಯೋದಲ್ಲಿಯೇ ಹುರುಳಿಲ್ಲದಿದ್ದರೆ ಈ ಪ್ರಯತ್ನಗಳಿಂದ ಅದು ಉತ್ತಮವಾಗುವುದಿಲ್ಲ ಎಂಬುದನ್ನೂ ಹೇಳಬೇಕು. ತುಣುಕು ಕರೆತಂದ ನೋಡುಗ ಎರಡನೆಯ ನಿಮಿಷದಲ್ಲಿ ಎದ್ದುಹೋದರೆ ದೋಷ ತುಣುಕಿನದಲ್ಲ.

ಉದಾಹರಣೆಯ ಘಟಕದಲ್ಲಿ ಐದು ವಾರಗಳ ಕೊನೆಗೆ ಕೈಯಲ್ಲಿ ಉಳಿಯುವುದು ಎರಡು ತುಣುಕು, ಒಂದು ಪೋಲ್, ಒಂದು ಪೋಸ್ಟ್ ಮತ್ತು ವಿಚಾರಣೆ ಪುಸ್ತಕದ ಹೊಸ ಕಾಲಂಗಳು. ಅಕ್ಟೋಬರ್‌ನ ವಿಡಿಯೋಗೆ ಮೊದಲು ಯೋಚಿಸಿದ್ದ ವಿಷಯ ಯಂತ್ರದ ಹೊಸ ಬಣ್ಣ ಮತ್ತು ಚಕ್ರಗಳಾಗಿತ್ತು ಎಂದುಕೊಂಡರೆ, ಪೋಲ್ ಮತ್ತು ಕರೆಗಳನ್ನು ಓದಿದ ಮೇಲೆ ಅದು ಬದಲಾಗುತ್ತದೆ. ಸಿಂಗಲ್ ಫೇಸ್ ಸಂಪರ್ಕವಿರುವ ಅಂಗಳದಲ್ಲಿ ದಿನವಿಡೀ ನಡೆದ ಸುಲಿತ, ಗಂಟೆಗೆ ಎಷ್ಟು ಅಡಿಕೆ, ಮೋಟಾರು ಎಷ್ಟು ಬಿಸಿಯಾಯಿತು ಎಂಬುದೇ ಹೊಸ ವಿಡಿಯೋದ ವಿಷಯ. ಕೊಳ್ಳಲು ಅನುಮಾನಿಸಿ ನಿಂತಿದ್ದ ಬೆಳೆಗಾರನಿಗೆ ಬೇಕಾಗಿದ್ದ ಉತ್ತರ ಅದೇ. ಆ ಉತ್ತರ ನೀಡಿದ ಮೇಲೆ ಬರುವ ಕರೆಗಳ ಸಂಖ್ಯೆಯನ್ನು ನೋಡಿ ಮೋಟಾರುಗಳ ಬೇಡಿಕೆ ಬರೆದರೆ ಬಂಡವಾಳ ಉಗ್ರಾಣದಲ್ಲಿ ಕೂರುವ ಭಯ ಬಹುಮಟ್ಟಿಗೆ ಕಡಿಮೆಯಾಗುತ್ತದೆ.